ಕೆರೆಗಳ ಸಾಲು ಕಡಿದ ಬಗೆ

(ಉಪಾಧ್ಯಾಯರೂ ನಾಗರಿಕರೂ ನೆರೆದಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ)



“ಈ ಕೆರೆ ಏಕೆ ಹಾಳಾಯಿತು?” ಎಂದು ನಮ್ಮ ಬಯಲುಸೀಮೆಯ ಯಾವ ಊರಿನಲ್ಲಿ ಕೇಳಿದರೂ ದೊರೆಯುವ ಉತ್ತರ ಒಂದೇ: “ಹೂಳು ತುಂಬಿತು.” ಈ ಉತ್ತರದಲ್ಲಿ ಸುಳ್ಳಿಲ್ಲ. ಆದರೆ ಸತ್ತವನು ಹೇಗೆ ಸತ್ತನೆಂದು ಕೇಳಿದರೆ ಉಸಿರು ನಿಂತು ಸತ್ತನೆಂದು ಹೇಳಿದಂತೆ ಇದೂ ಒಂದು ಉತ್ತರ. ಹೂಳು ಹೊಸದಾಗಿ ಬಂದ ಶತ್ರುವಲ್ಲ. ಕೆರೆಯ ಏರಿ ಕಟ್ಟಿ ಮುಗಿದ ಮೊದಲ ಮಳೆಗಾಲದಲ್ಲಿಯೇ ಅದು ಬರತೊಡಗುತ್ತದೆ. ಐನೂರು, ಸಾವಿರ ವರ್ಷಗಳ ಕಾಲ ಬರುತ್ತಲೇ ಇದ್ದಿತು. ಆದರೂ ಕೆರೆಗಳು ಬದುಕಿದ್ದುವು. ಆದುದರಿಂದ ನಾವು ಕೇಳತಕ್ಕ ಪ್ರಶ್ನೆ ಬೇರೆ: ವರ್ಷ ವರ್ಷವೂ ಬರುತ್ತಿದ್ದ ಹೂಳನ್ನು ತೆಗೆಯುತ್ತಿದ್ದವರು ಯಾರು, ಅವರೇಕೆ ನಿಲ್ಲಿಸಿದರು? ಮತ್ತು ಕೆಲವು ಕೆರೆಗಳು ಹೂಳು ತುಂಬುವುದಕ್ಕೆ ಮೊದಲೇ, ಏರಿ ತೂಬುಗಳ ಸಹಿತ ಕಣ್ಮರೆಯಾದುವಲ್ಲ, ಅದೇಕೆ?

ಈ ಎರಡು ಪ್ರಶ್ನೆಗಳನ್ನು ಇಡಿಯ ನಾಡಿನ ಮೇಲೆ ಹರಡಿ ಮಾತನಾಡುವುದಕ್ಕಿಂತ ಒಂದೇ ಊರನ್ನು ಹಿಡಿದು ನೋಡುವುದು ಲೇಸೆಂದು ನನಗೆ ತೋರುತ್ತದೆ. ಆ ಊರು ಬೆಂಗಳೂರು. ನದಿಯಿಲ್ಲದ ದಿಣ್ಣೆಯ ಮೇಲೆ ಹುಟ್ಟಿ, ಮೂರೂವರೆ ಶತಮಾನಗಳಿಗೂ ಮಿಗಿಲಾಗಿ ಕೆರೆಯ ನೀರನ್ನೇ ಕುಡಿದು, ಆಮೇಲೆ ಆ ಕೆರೆಗಳ ಅಂಗಳದಲ್ಲಿಯೇ ಬಸ್ಸುಗಳ ನಿಲ್ದಾಣವನ್ನೂ ಆಟದ ಬಯಲನ್ನೂ ಕಟ್ಟಿಕೊಂಡ ಊರು ಅದು. ಅಲ್ಲಿ ನಡೆದುದನ್ನು ಅರಿತರೆ ಮಿಕ್ಕ ಊರುಗಳಲ್ಲಿ ನಡೆದುದನ್ನು ತಾವೇ ಊಹಿಸಬಹುದು.

ಮೊದಲು ನೆಲದ ಸ್ವರೂಪವನ್ನು ನೋಡೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೩,೦೦೦ ಅಡಿ ಎತ್ತರದಲ್ಲಿ, ಒಂದು ದಿಣ್ಣೆಯ ಬೆನ್ನಿನ ಮೇಲಿದೆ. ಅಲ್ಲಿ ಬಿದ್ದ ಮಳೆ ಎರಡು ಕಡೆಗೆ ಇಳಿಯುತ್ತದೆ. ಪಶ್ಚಿಮದ ನೀರು ವೃಷಭಾವತಿಯ ಕಣಿವೆಯಲ್ಲಿ ಹರಿದು ಅರ್ಕಾವತಿಯನ್ನು ಕೂಡಿ ಕಾವೇರಿಗೆ ಹೋಗುತ್ತದೆ. ಪೂರ್ವದ ನೀರು ಹೆಬ್ಬಾಳ, ಕೋರಮಂಗಲ ಮತ್ತು ಚಲ್ಲಘಟ್ಟದ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಊರು ನೆತ್ತಿಯ ಮೇಲಿರುವುದರಿಂದ ಬೇರೆಡೆಯಿಂದ ಹರಿದು ಬರುವ ನೀರು ಅದಕ್ಕಿಲ್ಲ. ನೆಲದ ಕೆಳಗೆ ಗಟ್ಟಿ ಕಲ್ಲು. ಮೇಲೆ ಬಿದ್ದ ಮಳೆಯನ್ನು ಅಲ್ಲಿಯೇ ತಡೆದರೆ ಉಂಟು, ಬಿಟ್ಟರೆ ಇಲ್ಲ.

ಹೀಗೆ ತಡೆಯುವುದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯವೇ ಕೆರೆಗಳ ಸಾಲು. ಕಣಿವೆಯ ತಲೆಯಲ್ಲಿ ಚಿಕ್ಕದೊಂದು ಕೆರೆ. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು, ಹಿಂದಿನದಕ್ಕಿಂತ ದೊಡ್ಡದು. ಮೇಲಿನದು ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯಲ್ಲಿ ಇಳಿದು ಕೆಳಗಿನದನ್ನು ತುಂಬುತ್ತದೆ. ತೂಬಿನಿಂದ ಬಿಟ್ಟ ನೀರು ಅಚ್ಚುಕಟ್ಟಿನ ಗದ್ದೆಗೆ ಹೋಗಿ, ಅಲ್ಲಿ ಉಳಿದ ಬಸಿನೀರು ಮತ್ತೆ ಕೆಳಗಿನ ಕೆರೆಗೇ ಸೇರುತ್ತದೆ. ಒಂದೇ ಹನಿ ಎರಡು ಮೂರು ಊರುಗಳಿಗೆ ಕೆಲಸ ಮಾಡುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ ಈ ಏರ್ಪಾಟು ಎಷ್ಟು ದಟ್ಟವಾಗಿತ್ತೆಂದರೆ, ೧೮೬೦ರ ದಶಕದಲ್ಲಿ ಅಲ್ಲಿ ಇಂಜಿನಿಯರಾಗಿದ್ದ ಸ್ಯಾಂಕಿಯವರಿಗೆ ಹೊಸದೊಂದು ಕೆರೆಗೆ ಜಾಗವನ್ನು ಹುಡುಕುವುದೇ ಜಾಣತನದ ಕೆಲಸವೆಂದು ಕಂಡಿತು.

ಈ ಸಾಲಿನಲ್ಲಿ ತಾವು ಗಮನಿಸತಕ್ಕ ಸಂಗತಿ ಒಂದುಂಟು. ಮೇಲಿನ ಕೆರೆ ಕೆಳಗಿನ ಕೆರೆಗೆ ನೀರನ್ನು ಕೊಡುವುದು ಮಾತ್ರವಲ್ಲ, ಅದರ ಹೂಳನ್ನೂ ತಾನು ಹೊರುತ್ತದೆ. ರಭಸದಿಂದ ಬಂದ ಕೆಂಪುನೀರು ಮೇಲಿನ ಕೆರೆಯಲ್ಲಿ ನಿಂತು, ಮರಳನ್ನು ಬಾಯಲ್ಲಿ ಇಳಿಸಿ, ಜೇಡಿಯನ್ನು ಏರಿಯ ಬುಡದಲ್ಲಿ ಇಳಿಸಿ, ತಿಳಿಯಾಗಿ ಕೋಡಿಯ ಮೇಲೆ ಹೋಗುತ್ತದೆ. ಆದುದರಿಂದ ಮೇಲಿನ ಚಿಕ್ಕ ಕೆರೆಯೊಂದನ್ನು ಹೊಲವಾಗಿ ಮಾಡಿಕೊಂಡರೆ, ಅದು ಹಿಡಿಯುತ್ತಿದ್ದ ಹೂಳು ಮುಂದಿನ ಮಳೆಗಾಲದಲ್ಲಿಯೇ ಕೆಳಗಿನ ಕೆರೆಗೆ ಬಂದು ಇಳಿಯುತ್ತದೆ. ಕೆಳಗಿನ ಊರಿನವರು ತಾವು ಮಾಡದ ತಪ್ಪಿಗೆ ದಂಡ ತೆರುತ್ತಾರೆ.

ಇನ್ನು ಬೆಂಗಳೂರಿನ ಪೇಟೆಗೆ ಬರೋಣ. ೧೫೩೭ರಲ್ಲಿ ಹಿರಿಯ ಕೆಂಪೇಗೌಡರು ಕೋಟೆಯನ್ನೂ ಪೇಟೆಯನ್ನೂ ಕಟ್ಟಿಸಿದರೆಂಬುದು ಪ್ರಸಿದ್ಧವಾದ ಮಾತು. ಪಶ್ಚಿಮಕ್ಕೆ ಧರ್ಮಾಂಬುಧಿ, ನೈಋತ್ಯಕ್ಕೆ ಕೆಂಪಾಂಬುಧಿ, ಪೂರ್ವಕ್ಕೆ ಸಂಪಂಗಿ ಕೆರೆ, ಹೀಗೆ ಪೇಟೆಯ ಸುತ್ತಲೂ ನೀರು ನಿಂತಿತು. ಆದರೆ ಕೆರೆ ಕಟ್ಟುವ ವಿದ್ಯೆ ಆ ಸೀಮೆಗೆ ಆಗ ಹೊಸದಾಗಿರಲಿಲ್ಲ. ಇಂದು ಊರಿನೊಳಗೆ ಸೇರಿಹೋಗಿರುವ ಅಗರದಲ್ಲಿ ದೊರೆತಿರುವ ೯ನೆಯ ಶತಮಾನದ ಗಂಗರ ಕಾಲದ ಶಾಸನವು, ಒಬ್ಬನು ಎರಡು ಕೆರೆಗಳಿಗೆ ತೂಬು ಇಡಿಸಿ, ಮೂರನೆಯದೊಂದನ್ನು ಕಟ್ಟಿಸಿ, ಅದಕ್ಕಾಗಿ ಬಿತ್ತುವಟ್ಟವನ್ನು ಪಡೆದುದನ್ನು ಹೇಳುತ್ತದೆ. ಕೆಂಪೇಗೌಡರಿಗಿಂತ ಆರೂವರೆ ಶತಮಾನಗಳ ಹಿಂದೆಯೇ ಅಲ್ಲಿ ಒಂದು ಕೆರೆಯಲ್ಲ, ಕೆರೆಗಳ ಗುಂಪೇ ಇದ್ದಿತು.

ಊರಿನವರು ಈ ನೀರನ್ನು ಮೂರು ದಾರಿಗಳಿಂದ ಪಡೆಯುತ್ತಿದ್ದರು. ಮೊದಲನೆಯದು ಕಾರಂಜಿಯ ಏರ್ಪಾಟು. ಎತ್ತರದಲ್ಲಿದ್ದ ಕೆರೆಯಿಂದ ನೀರು ತನ್ನ ಇಳುಕಲಿನಿಂದಲೇ ಕಾಲುವೆಗಳಲ್ಲಿ ಹರಿದು ಪೇಟೆಯೊಳಗೆ ಬರುತ್ತಿತ್ತು. ಎರಡನೆಯದು ಕಲ್ಯಾಣಿ, ಎಂದರೆ ಮೆಟ್ಟಿಲುಗಳುಳ್ಳ ಕೊಳ. ಮೂರನೆಯದು ಬಾವಿ. ಬಾವಿ ಬೇರೆ, ಕೆರೆ ಬೇರೆ ಎಂದು ಎಣಿಸಬಾರದು. ಕೆರೆಯಲ್ಲಿ ನಿಂತ ನೀರು ನೆಲಕ್ಕೆ ಇಳಿದು, ಏರಿಯ ಕೆಳಗಣ ಬಾವಿಗಳ ಒರತೆಯಾಗುತ್ತಿತ್ತು. ಮಣ್ಣಿನಲ್ಲಿ ಸೋಸಿ ಬಂದ ಈ ನೀರೇ ಕುಡಿಯುವುದಕ್ಕೆ ಹೆಚ್ಚು ಯೋಗ್ಯವಾಗಿದ್ದಿತು. ಆದುದರಿಂದ ಕೆರೆ ಒಣಗಿದ ಮೇಲೆ ಮನೆಯ ಬಾವಿಯೂ ಬತ್ತಿತೆಂದರೆ ಅದರಲ್ಲಿ ಆಶ್ಚರ್ಯವಿಲ್ಲ.

ಈಗ ಹೂಳಿನ ಲೆಕ್ಕವನ್ನು ಮಾಡೋಣ. ಉಪಾಧ್ಯಾಯರಾದ ತಾವು ಇದನ್ನು ಹುಡುಗರಿಗೆ ಕರಿಹಲಗೆಯ ಮೇಲೆ ಮಾಡಿ ತೋರಿಸಬಹುದು. ನೂರು ಎಕರೆ ಅಗಲದ ಒಂದು ಕೆರೆ. ಮಳೆಗಾಲದ ಕೊನೆಗೆ ಅದರಲ್ಲಿ ಸರಾಸರಿ ಆರು ಅಡಿ ನೀರು ನಿಂತಿದೆ ಎಂದು ಇಟ್ಟುಕೊಳ್ಳಿ. ವರ್ಷಕ್ಕೆ ಅರ್ಧ ಅಂಗುಲದಷ್ಟು ಹೂಳು ಕೂಡುತ್ತದೆ ಎಂದೂ ಭಾವಿಸಿ. ನಲವತ್ತೆಂಟು ವರ್ಷಗಳಲ್ಲಿ ಎರಡು ಅಡಿ ತುಂಬಿತು. ಇನ್ನುಳಿದ ಆಳ ನಾಲ್ಕು ಅಡಿ. ಕೆರೆಯ ಮೂರರಲ್ಲಿ ಒಂದು ಪಾಲು ಹೋಯಿತು, ಎರಡು ಪಾಲು ಉಳಿಯಿತು ಎಂದು ತೋರುತ್ತದೆಯಲ್ಲವೇ? ಆದರೆ ಸೂರ್ಯನ ಪಾಲನ್ನು ನಾವು ಮರೆತೆವು. ಮಾರ್ಗಶಿರದಿಂದ ವೈಶಾಖದವರೆಗೆ ಮಳೆಯಿಲ್ಲದ ಆರು ತಿಂಗಳಲ್ಲಿ ನಮ್ಮ ಎತ್ತರದ ಬಯಲಿನಲ್ಲಿ ಸುಮಾರು ಮೂರು ಅಡಿ ನೀರು ಬಿಸಿಲಿಗೆ ಆವಿಯಾಗಿ ಹೋಗುತ್ತದೆ. ಕೆರೆ ಆಳವಾಗಿರಲಿ, ತೆಳುವಾಗಿರಲಿ, ಸೂರ್ಯನು ತನ್ನ ಮೂರು ಅಡಿಯನ್ನು ಬಿಡುವುದಿಲ್ಲ. ಆರು ಅಡಿಯ ಕೆರೆಯಲ್ಲಿ ಮನುಷ್ಯರಿಗೆ ಮೂರು ಅಡಿ ಉಳಿಯುತ್ತಿತ್ತು. ನಾಲ್ಕು ಅಡಿಯ ಕೆರೆಯಲ್ಲಿ ಒಂದೇ ಅಡಿ ಉಳಿಯುತ್ತದೆ. ಹೂಳು ತುಂಬಿದ್ದು ಕೆರೆಯ ಮೂರನೆಯ ಒಂದು ಪಾಲು, ಊರಿಗೆ ನಷ್ಟವಾದದ್ದು ಮೂರನೆಯ ಎರಡು ಪಾಲು.

ಈ ಕಾರಣದಿಂದಲೇ ಹೂಳು ತುಂಬುತ್ತಿರುವ ಕೆರೆ ಬಹುಕಾಲ ನಮ್ಮ ಕಣ್ಣಿಗೆ ಮೋಸ ಮಾಡುತ್ತದೆ. ಕಾರ್ತಿಕದಲ್ಲಿ ಏರಿಯ ಮೇಲೆ ನಿಂತು ನೋಡಿದರೆ ಅಜ್ಜನ ಕಾಲದಲ್ಲಿ ಕಂಡಷ್ಟೇ ಅಗಲವಾಗಿ ನೀರು ಹೊಳೆಯುತ್ತಿರುತ್ತದೆ. ಶಿವರಾತ್ರಿ ಕಳೆಯುವಷ್ಟರಲ್ಲಿ ತಳದ ಬಿರುಕು ಕಾಣುತ್ತದೆ. ಊರಿನವರು ಮಳೆಯನ್ನು ದೂರುತ್ತಾರೆ. ಕೆಲವರು ಇನ್ನೊಂದು ಉಪಾಯವನ್ನು ಮಾಡುತ್ತಾರೆ: ಕೋಡಿಯ ಮೇಲೆ ಕಲ್ಲು ಮಣ್ಣುಗಳನ್ನು ಒಟ್ಟಿ ನೀರಿನ ಮಟ್ಟವನ್ನು ಏರಿಸುತ್ತಾರೆ. ಆಗ ನೀರು ಮೇಲಿನ ಹೊಲಗಳಿಗೆ ತೆಳ್ಳಗೆ ಹರಡಿ ಸೂರ್ಯನಿಗೆ ಇನ್ನಷ್ಟು ಬಲಿಯಾಗುತ್ತದೆ. ದೊಡ್ಡ ಮಳೆ ಬಂದ ದಿನ ಕೋಡಿ ಸಾಲದೆ ನೀರು ಏರಿಯನ್ನೇ ಹತ್ತಿ ಒಡೆಯುತ್ತದೆ. ಮೇಲಿನ ಕೆರೆಯೊಂದು ಒಡೆದರೆ ಆ ನೀರೆಲ್ಲ ಒಮ್ಮೆಗೇ ಕೆಳಗಿನದರ ಮೇಲೆ ಬಿದ್ದು, ಸಾಲಿಗೆ ಸಾಲೇ ಒಡೆದುಹೋಗಬಹುದು. ಕೋಡಿಯ ಮೇಲೆ ಕಲ್ಲೊಟ್ಟಿರುವ ಕೆರೆಯನ್ನು ಕಂಡರೆ, ಅದರೊಳಗೆ ಹೂಳು ಬಹಳವಿದೆ ಎಂದು ತಿಳಿಯತಕ್ಕದ್ದು.

ವಕೀಲನಾದ ನನಗೆ ಹೂಳು ಒಂದು ಸಾಲದಂತೆ ಕಾಣುತ್ತದೆ. ಕೆರೆಯನ್ನು ಕಟ್ಟಿದವನು ಊರಿಗೆ ಆಸ್ತಿಯನ್ನು ಕೊಡುತ್ತಾನೆ, ಅದರೊಡನೆ ವರ್ಷ ವರ್ಷವೂ ತೀರಿಸತಕ್ಕ ಬಡ್ಡಿಯನ್ನೂ ಹೊರಿಸುತ್ತಾನೆ. ಪೂರ್ವಿಕರು ಇದನ್ನು ಚೆನ್ನಾಗಿ ಅರಿತಿದ್ದುದರಿಂದಲೇ, ಬಡ್ಡಿಯನ್ನು ಕಟ್ಟುವವನು ಯಾರೆಂಬುದನ್ನು ಕಟ್ಟುವಾಗಲೇ ಗೊತ್ತು ಮಾಡಿ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಅಗರದ ಶಾಸನದಲ್ಲಿ ಕಂಡ ಬಿತ್ತುವಟ್ಟ ಅಂಥದೇ ಒಂದು ಏರ್ಪಾಟು: ಕೆರೆಯ ಕೆಳಗಿನ ಭೂಮಿಯ ಉತ್ಪತ್ತಿಯಲ್ಲಿ ಒಂದು ಪಾಲು ಕೆರೆಗೇ ಮೀಸಲು. ದಶವಂದ, ಕಟ್ಟುಕೊಡಗೆ ಎಂಬ ಹೆಸರುಗಳಲ್ಲಿ ಬೇರೆ ಬೇರೆ ಕಾಲಗಳಲ್ಲಿ ಇದೇ ತತ್ತ್ವ ನಡೆದು ಬಂದಿತು. ಹೂಳೆತ್ತುವ ಬಂಡಿಗೂ ಅದನ್ನು ಎಳೆಯುವ ಕೋಣಗಳಿಗೂ ಭೂಮಿಯನ್ನು ಬಿಟ್ಟುಕೊಟ್ಟ ಶಾಸನಗಳು ನಮ್ಮ ನಾಡಿನಲ್ಲಿವೆ. ತೂಬು ತೆಗೆದು ಮುಚ್ಚುವ ನೀರುಗಂಟಿಗೆ ಕೆರೆಯ ಕೆಳಗೆ ಮಾನ್ಯದ ಭೂಮಿ ಇದ್ದಿತು. ಅವನಿಗೆ ಅನ್ನ ಬರುವುದು ಕೆರೆ ತುಂಬಿದರೆ ಮಾತ್ರ. ಆದುದರಿಂದ ಅವನ ಮೇಲೆ ಬೇರೆ ಮೇಲ್ವಿಚಾರಕನು ಬೇಕಾಗಿರಲಿಲ್ಲ.

ರೈತನಿಗೂ ಹೂಳಿನಲ್ಲಿ ಲಾಭವಿದ್ದಿತು. ಬೇಸಗೆಯಲ್ಲಿ ಕೆರೆ ಒಣಗಿದಾಗ ಕೆರೆಗೋಡನ್ನು ಅಗೆದು ಬಂಡಿಯಲ್ಲಿ ಹೊಲಕ್ಕೆ ಹೊಡೆದರೆ, ಮಳೆ ಕೊಚ್ಚಿಕೊಂಡು ಹೋಗಿದ್ದ ಸಾರವೇ ಹೊಲಕ್ಕೆ ಮರಳಿ ಬಂದಂತಾಗುತ್ತಿತ್ತು. ಕೆರೆ ಹಗುರವಾಯಿತು, ಹೊಲಕ್ಕೆ ಗೊಬ್ಬರವಾಯಿತು. ಇದಕ್ಕೆ ಎರಡು ಸಂಗತಿಗಳು ಅವಶ್ಯವಾಗಿದ್ದುವು: ಕೆರೆ ವರ್ಷಕ್ಕೊಮ್ಮೆ ಒಣಗಬೇಕು, ಮತ್ತು ಗೋಡನ್ನು ಬೇಡುವ ಹೊಲ ಹತ್ತಿರದಲ್ಲಿರಬೇಕು. ಈ ಎರಡನ್ನೂ ತಾವು ನೆನಪಿನಲ್ಲಿಡಬೇಕು; ಮುಂದೆ ಮತ್ತೆ ಇವುಗಳ ಪ್ರಸ್ತಾಪ ಬರುತ್ತದೆ.

ಈ ಏರ್ಪಾಟು ಮುರಿದುದು ಹೇಗೆ? ಬೆಂಗಳೂರಿನಲ್ಲಿ ಅದನ್ನು ಹೆಜ್ಜೆಹೆಜ್ಜೆಯಾಗಿ ಕಾಣಬಹುದು. ೧೮೭೬ರಿಂದ ೧೮೭೮ರವರೆಗೆ ಮೈಸೂರು ಸೀಮೆಯನ್ನು ಮಹಾಕ್ಷಾಮ ಹಿಡಿಯಿತು. ಮಳೆಯೇ ಬಾರದಿದ್ದಾಗ ಊರಿನ ಸುತ್ತಣ ಕೆರೆಗಳನ್ನು ಮಾತ್ರ ನಂಬಿರುವುದು ಅಪಾಯವೆಂಬುದು ಆಗ ಎಲ್ಲರಿಗೂ ಮನದಟ್ಟಾಯಿತು. ಜನಸಂಖ್ಯೆ ಹೆಚ್ಚುತ್ತಿತ್ತು, ಬಯಲಿನಲ್ಲಿ ನಿಂತ ಕೆರೆಯ ನೀರಿನಿಂದ ರೋಗಗಳು ಹರಡುತ್ತವೆಂಬ ಭಯವೂ ನ್ಯಾಯವಾದುದೇ ಆಗಿದ್ದಿತು. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಅರ್ಕಾವತಿಯ ಮೇಲಣ ಹೆಸರಘಟ್ಟದಿಂದ ೧೮೯೬ರಲ್ಲಿ ನಲ್ಲಿಯ ನೀರು ಊರಿಗೆ ಬಂದಿತು. ಇದನ್ನು ತಪ್ಪೆಂದು ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಅದರ ಒಂದು ಪರಿಣಾಮವನ್ನು ಆಗ ಯಾರೂ ಎಣಿಸಲಿಲ್ಲ. ನಲ್ಲಿ ಬಂದ ದಿನವೇ ಧರ್ಮಾಂಬುಧಿಗೂ ಸಂಪಂಗಿಗೂ ಊರಿನಲ್ಲಿ ವಾರಸುದಾರರು ಇಲ್ಲವಾದರು. ಆ ಕೆರೆಯ ನೀರು ತನ್ನ ಮನೆಗೆ ಬೇಕೆಂದು ಹೇಳುವವನು ಇರುವವರೆಗೆ ಅದರೊಳಗೆ ಕಸ ಚೆಲ್ಲಿದವನನ್ನು ಬೈಯುವವನಿದ್ದನು, ಕಾಲುವೆಗೆ ಅಡ್ಡವಾಗಿ ಗೋಡೆ ಎಬ್ಬಿಸಿದವನ ಮೇಲೆ ದೂರು ಕೊಡುವವನಿದ್ದನು. ಬೇಡಿಕೆ ಹೋದ ಮೇಲೆ ಕೆರೆ ನೀರಿನ ಪಾತ್ರೆಯಾಗಿ ಉಳಿಯಲಿಲ್ಲ. ಊರ ನಡುವಿನ ಬೆಲೆಬಾಳುವ ಖಾಲಿ ಜಾಗವಾಯಿತು.

ಇಲ್ಲಿ ಸಂಪಂಗಿ ಕೆರೆಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅದಕ್ಕೆ ಮುನ್ನ ಒಂದು ಹಳೆಯ ಶಾಸನವನ್ನು ತಮ್ಮ ಗಮನಕ್ಕೆ ತರುತ್ತೇನೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಒಂದು ದೊಡ್ಡ ಕೆರೆಯನ್ನು ಕಟ್ಟಿಸಿ, ೧೩೬೯ರಲ್ಲಿ ಶಾಸನವನ್ನು ಹಾಕಿಸಿದನು. ದಿನಕ್ಕೆ ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದುವೆಂದು ಅದು ಹೇಳುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಎಣಿಸಿ, ಆಮೇಲೆ ಆರು ದೋಷಗಳನ್ನು ಅದು ಹೆಸರಿಸುತ್ತದೆ. ಏರಿಯಿಂದ ನೀರು ಜಿನುಗುವುದು, ಚೌಳುನೆಲ, ನಡುವೆ ಆಮೆಯ ಬೆನ್ನಿನಂತೆ ಎದ್ದ ದಿಬ್ಬ, ನೀರು ಸ್ವಲ್ಪವಿದ್ದು ಭೂಮಿ ಬಹಳವಿರುವುದು, ನೀರು ಬಹಳವಿದ್ದು ಭೂಮಿ ಸ್ವಲ್ಪವಿರುವುದು, ಇವು ಐದು. ಇವೆಲ್ಲ ನೆಲದ ದೋಷಗಳು, ಯಾವ ಇಂಜಿನಿಯರನೂ ಹೇಳಬಹುದು. ಆದರೆ ಅವುಗಳ ಜೊತೆಯಲ್ಲಿಯೇ ಇನ್ನೊಂದನ್ನು ಎಣಿಸಿದ್ದಾರೆ: ಕೆರೆ ಎರಡು ರಾಜ್ಯಗಳ ಎಲ್ಲೆಯಲ್ಲಿರುವುದು. ಏರಿ ಭದ್ರವಾಗಿರಬಹುದು, ನೀರು ಸಿಹಿಯಾಗಿರಬಹುದು. ಆದರೆ ಎರಡು ಆಳ್ವಿಕೆಗಳ ನಡುವೆ ಸಿಕ್ಕಿದ ಕೆರೆ ಬಾಳಲಾರದೆಂದು ಆರೂವರೆ ಶತಮಾನಗಳ ಹಿಂದೆಯೇ ಅವರು ಬರೆದಿಟ್ಟರು.

ಸಂಪಂಗಿಗೆ ತಗುಲಿದುದು ಇದೇ ದೋಷ. ೧೮೦೯ರಲ್ಲಿ ಬ್ರಿಟಿಷರ ದಂಡು ಬೆಂಗಳೂರಿಗೆ ಬಂದು ನೆಲಸಿತು. ಪೇಟೆ ಪಶ್ಚಿಮಕ್ಕೆ, ದಂಡು ಪೂರ್ವಕ್ಕೆ, ಸಂಪಂಗಿ ಕೆರೆ ಎರಡರ ನಡುವೆ. ೧೮೮೧ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ಆಳ್ವಿಕೆಗೆ ಮರಳಿತು. ದಂಡಿನ ಪ್ರದೇಶ ಮಾತ್ರ ಬ್ರಿಟಿಷರ ಕೈಯಲ್ಲಿ ಉಳಿಯಿತು. ಒಂದೇ ಊರಿಗೆ ಎರಡು ಆಡಳಿತಗಳಾದುವು. ಕೆರೆಯ ಸುತ್ತ ತಿಗಳ ತೋಟಗಾರರು ತಲೆಮಾರುಗಳಿಂದ ಕಾಯಿಪಲ್ಯ ಹಣ್ಣುಗಳನ್ನು ಬೆಳೆಯುತ್ತಿದ್ದರು. ಅವರಿಗೆ ನೀರು ನಿಂತರೆ ಬಾಳು. ದಂಡಿನ ಕಡೆಯವರಿಗೆ ಕೆರೆಯಂಗಳ ಪೋಲೋ ಆಡುವ ಬಯಲಾಯಿತು. ಅವರಿಗೆ ನೀರು ಬತ್ತಿದರೆ ಆಟ. ಒಬ್ಬರು ನೀರನ್ನು ತಡೆಯಬೇಕೆಂದು ಕೇಳಿದರೆ ಇನ್ನೊಬ್ಬರು ಹರಿಯಬಿಡಬೇಕೆಂದು ಕೇಳಿದರು. ನಲ್ಲಿಯ ನೀರು ಬಂದಿದ್ದುದರಿಂದ ಪೇಟೆಯ ದೊಡ್ಡ ಮನೆಗಳವರಿಗೆ ಈ ವಾದದಲ್ಲಿ ಆಸಕ್ತಿ ಉಳಿದಿರಲಿಲ್ಲ. ತೋಟಗಾರರು ಒಂಟಿಯಾದರು.

ಫಲವೇನು? ೨೦ನೆಯ ಶತಮಾನದ ಮೊದಲ ದಶಕಗಳಲ್ಲಿ ಕೆರೆ ಕುಗ್ಗುತ್ತಾ ಬಂದು, ೧೯೪೭ರಲ್ಲಿ ದಂಡಿನ ಪ್ರದೇಶವು ಮೈಸೂರಿಗೆ ಮರಳಿ ಸೇರುವ ವೇಳೆಗೆ, ಕಾಪಾಡಬೇಕಾದ ಕೆರೆಯೇ ಹೆಚ್ಚಾಗಿ ಉಳಿದಿರಲಿಲ್ಲ. ೧೯೪೯ರಲ್ಲಿ ಪೇಟೆ ದಂಡುಗಳ ಪುರಸಭೆಗಳು ಒಂದಾದುವು; ಎಲ್ಲೆ ಅಳಿಯಿತು, ಆದರೆ ಎಲ್ಲೆಯ ಮೇಲಿದ್ದ ನೀರು ಅದಕ್ಕಿಂತ ಮೊದಲೇ ಅಳಿದಿತ್ತು. ಇಂದು ಆ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಅದರ ಮಗ್ಗುಲಲ್ಲಿ ಒಂದು ಚಿಕ್ಕ ಕೊಳ ಉಳಿದಿದೆ. ಅದು ಉಳಿದುದು ಏಕೆಂದರೆ, ತಿಗಳರ ಕರಗದ ಉತ್ಸವದ ವಿಧಿಗೆ ಆ ನೀರು ಬೇಕು. ಬೇಕೆನ್ನುವವರು ಇದ್ದಷ್ಟು ನೀರು ಉಳಿಯಿತು, ಇಲ್ಲದಷ್ಟು ಹೋಯಿತು. ಸಂಪಂಗಿಯನ್ನು ಕೊಂದುದು ಹೂಳಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕೇ?

ಧರ್ಮಾಂಬುಧಿಯ ಕಥೆಯನ್ನು ಬೇಗ ಮುಗಿಸಬಹುದು. ಅದು ಒಣಗಿ ಬಯಲಾಗಿ, ಸಭೆಗಳು ಸೇರುವ ಮೈದಾನವಾಗಿ, ಕೊನೆಗೆ ೨೦ನೆಯ ಶತಮಾನದ ಉತ್ತರಾರ್ಧದಲ್ಲಿ ಕೆಂಪೇಗೌಡರದೇ ಹೆಸರಿನ ಬಸ್ಸು ನಿಲ್ದಾಣವಾಯಿತು. ಅದರ ಮಗ್ಗುಲ ರಸ್ತೆಗೆ ಟ್ಯಾಂಕ್ ಬಂಡ್ ರಸ್ತೆ, ಎಂದರೆ ಕೆರೆಯ ಏರಿಯ ರಸ್ತೆ ಎಂಬ ಹೆಸರು ಉಳಿದಿದೆ. ಕೆರೆ ಹೋದರೂ ತಗ್ಗು ಹೋಗುವುದಿಲ್ಲ. ಕೆರೆಯಂಗಳದಲ್ಲಿ ಎದ್ದ ಬಡಾವಣೆಗಳಲ್ಲಿ ದೊಡ್ಡ ಮಳೆ ಬಂದಾಗಲೆಲ್ಲ ನೀರು ತನ್ನ ಹಳೆಯ ಮನೆಯನ್ನು ಹುಡುಕಿಕೊಂಡು ಬರುತ್ತದೆ. ನಾವು ಅದನ್ನು ಪ್ರವಾಹವೆಂದು ಕರೆಯುತ್ತೇವೆ.

ಸಾಲಿನ ತಲೆಯಲ್ಲಿ ಹೀಗಾದರೆ ಬುಡದಲ್ಲಿ ಏನಾಯಿತು? ಕೋರಮಂಗಲ, ಚಲ್ಲಘಟ್ಟಗಳ ಕಣಿವೆಯ ನೀರೆಲ್ಲ ಬೆಳ್ಳಂದೂರು ಕೆರೆಗೆ ಇಳಿದು, ಅಲ್ಲಿಂದ ವರ್ತೂರಿಗೆ ಹೋಗಿ, ದಕ್ಷಿಣ ಪಿನಾಕಿನಿಯನ್ನು ಸೇರಿ ತಮಿಳುನಾಡಿಗೆ ಹರಿಯುತ್ತದೆ. ಮೇಲಿನ ಕೆರೆಗಳು ಅಳಿದುವು, ರಾಜಕಾಲುವೆಗಳು ಮಾತ್ರ ಉಳಿದುವು. ಅವುಗಳಲ್ಲಿ ಮಳೆನೀರಿನ ಬದಲು ಊರಿನ ಕೊಳಚೆ ಹರಿಯತೊಡಗಿತು. ಈ ನೀರಿನ ಮೂಲವೂ ವಿಚಿತ್ರವಾದುದು. ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನೀರು ತಂದುದಾಯಿತು. ಅರ್ಕಾವತಿಯ ಮೇಲಣ ಕೆರೆಗಳ ಸಾಲೂ ಕೆಟ್ಟು, ಹೆಸರಘಟ್ಟವೂ ತಿಪ್ಪಗೊಂಡನಹಳ್ಳಿಯೂ ಕಾಲಕ್ರಮದಲ್ಲಿ ಊರಿನ ದಾಹವನ್ನು ತಣಿಸಲಾರದೆ ಹೋದುವು. ೧೯೭೪ರಿಂದ ಕಾವೇರಿಯ ನೀರನ್ನು ಸುಮಾರು ನೂರು ಕಿಲೋಮೀಟರು ದೂರದಿಂದ, ಸುಮಾರು ಐನೂರು ಮೀಟರು ಎತ್ತರಕ್ಕೆ ಯಂತ್ರಗಳಿಂದ ಎತ್ತಿ ತರುತ್ತಿದ್ದಾರೆ. ಹೀಗೆ ಪಶ್ಚಿಮದ ಕಾವೇರಿಯಿಂದ ಏರಿ ಬಂದ ನೀರು ಮನೆಗಳಲ್ಲಿ ಬಳಕೆಯಾಗಿ, ಕೊಳೆಯಾಗಿ, ಪೂರ್ವದ ಪಿನಾಕಿನಿಯ ಕಡೆಗೆ ಬೆಳ್ಳಂದೂರಿನ ಮೂಲಕ ಇಳಿಯುತ್ತದೆ.

ಆಗಲೇ ಹೇಳಿದ ಎರಡು ಸಂಗತಿಗಳನ್ನು ಈಗ ನೆನೆಯಿರಿ. ಕೆರೆ ವರ್ಷಕ್ಕೊಮ್ಮೆ ಒಣಗಬೇಕು. ಗೋಡನ್ನು ಬೇಡುವ ಹೊಲ ಇರಬೇಕು. ಕೊಳಚೆ ವರ್ಷದ ಹನ್ನೆರಡು ತಿಂಗಳೂ ಹರಿಯುವುದರಿಂದ ಬೆಳ್ಳಂದೂರು ಒಣಗುವುದೇ ನಿಂತಿತು. ಒಣಗದ ಕೆರೆಗೆ ಬಂಡಿ ಇಳಿಯದು. ಇಳಿದರೂ, ಆ ಕೆಸರನ್ನು ಹೊಲಕ್ಕೆ ಹಾಕಿಕೊಳ್ಳಲು ಯಾರೂ ಒಪ್ಪರು, ಹೊಲಗಳೂ ಮನೆಗಳಾಗಿಹೋದುವು. ಹೂಳು ಕೂಡುತ್ತ ಹೋಯಿತು. ಸಾಬೂನಿನ ಅಂಶ ಕಲೆತ ನೀರು ಕೋಡಿಯಲ್ಲಿ ಬೀಳುವಾಗ ನೊರೆಯೆದ್ದು ರಸ್ತೆಗೆ ಹಾರಿತು. ೨೦೧೫ರಲ್ಲಿ ಆ ನೊರೆಗೇ ಬೆಂಕಿ ಹತ್ತಿತು. ೨೦೧೭ರಲ್ಲಿ ಕೆರೆಯಲ್ಲಿ ಮತ್ತೆ ಬೆಂಕಿ ಎದ್ದಿತು. ನೀರಿಗೆ ಬೆಂಕಿ ಹತ್ತುವುದೆಂಬ ಅಸಂಭವದ ಮಾತು ನಮ್ಮ ಕಣ್ಣೆದುರಿಗೆ ಸಂಭವಿಸಿತು. ಆಮೇಲೆ ೨೦೨೦ರ ಸುಮಾರಿಗೆ ಹೂಳೆತ್ತುವ ಕಾರ್ಯ ಆರಂಭವಾದಾಗ ಮೊದಲು ಮಾಡಬೇಕಾಗಿ ಬಂದ ಕೆಲಸವೇನು? ಕೊಳಚೆಯನ್ನು ಪಕ್ಕದ ಕಾಲುವೆಗೆ ತಿರುಗಿಸಿ ಕೆರೆಯನ್ನು ಒಣಗಿಸುವುದು. ಪೂರ್ವಕಾಲದಲ್ಲಿ ಸೂರ್ಯನು ಪುಕ್ಕಟೆಯಾಗಿ ಮಾಡಿಕೊಡುತ್ತಿದ್ದ ಕೆಲಸವದು.

ಹೀಗೆ ಒಂದೇ ಊರಿನಲ್ಲಿ ಎರಡು ಬಗೆಯ ಮರಣಗಳನ್ನು ಕಂಡೆವು. ತಲೆಯ ಕೆರೆಗಳು ಮಾಯವಾದುವು: ನೀರು ಬೇಡವಾಯಿತು, ನೆಲ ಬೇಕಾಯಿತು. ಬುಡದ ಕೆರೆಗಳು ತುಂಬಿಹೋದುವು: ಬರಬಾರದುದು ಬಂದಿತು, ತೆಗೆಯುವವರು ಇಲ್ಲವಾದರು. ಹಳ್ಳಿಗಳ ಕೆರೆಗಳಿಗೂ ಎರಡನೆಯ ಗತಿಯೇ ಹೆಚ್ಚಾಗಿ ಒದಗಿತು. ಬಿತ್ತುವಟ್ಟ, ಕಟ್ಟುಕೊಡಗೆಗಳ ಭೂಮಿ ಕೆರೆಯ ಋಣದಿಂದ ಬೇರ್ಪಟ್ಟು ಸಾಮಾನ್ಯ ಹಿಡುವಳಿಯಾಯಿತು. ಕಲ್ಲುಕಟ್ಟಡ ಸರ್ಕಾರದ ಪಾಲಿಗೆ, ಮಣ್ಣಿನ ಕೆಲಸ ರೈತರ ಪಾಲಿಗೆ ಎಂದು ಹೊಣೆ ಒಡೆದು, ಒಬ್ಬರು ಇನ್ನೊಬ್ಬರನ್ನು ಕಾಯುತ್ತ ಕುಳಿತರು. ಚೀಲದ ಗೊಬ್ಬರ ಬಂದ ಮೇಲೆ ಗೋಡಿನ ಬಂಡಿ ನಿಂತಿತು. ಕೊಳವೆ ಬಾವಿ ಬಂದ ಮೇಲೆ ತೂಬಿನ ಕಡೆಗೆ ನೋಡುವವರಿಲ್ಲವಾದರು.

೨೦೧೮ರಿಂದ ನಡೆಯುತ್ತಿರುವ ಒಂದು ಪ್ರಯೋಗವನ್ನು ಇಲ್ಲಿ ಹೇಳಬೇಕು. ಇದೇ ಕೋರಮಂಗಲ, ಚಲ್ಲಘಟ್ಟಗಳ ಕಣಿವೆಯ ಕೊಳಚೆಯನ್ನು ಶುದ್ಧೀಕರಣ ಕೇಂದ್ರಗಳಲ್ಲಿ ಸಂಸ್ಕರಿಸಿ, ಕೊಳವೆಗಳ ಮೂಲಕ ಕೋಲಾರದ ಸೀಮೆಗೆ ಎತ್ತಿ, ಅಲ್ಲಿಯ ಕೆರೆಗಳನ್ನು ಒಂದಾದ ಮೇಲೊಂದರಂತೆ ತುಂಬಿಸುತ್ತಿದ್ದಾರೆ. ಬತ್ತಿದ್ದ ಬಾವಿಗಳಲ್ಲಿ ನೀರು ಏರಿದುದನ್ನು ಅಲ್ಲಿಯ ರೈತರು ಕಂಡಿದ್ದಾರೆ. ಆ ನೀರು ಸಾಕಷ್ಟು ಶುದ್ಧವಾಗಿಲ್ಲವೆಂಬ ಆತಂಕವನ್ನೂ ಅಲ್ಲಿಯವರೇ ಎತ್ತಿದ್ದಾರೆ. ಎರಡು ಮಾತುಗಳನ್ನೂ ಕೇಳತಕ್ಕದ್ದು. ಆದರೆ ಒಂದು ತತ್ತ್ವ ಇದರಿಂದ ಸ್ಪಷ್ಟವಾಯಿತು: ನೀರನ್ನು ಕೊಳವೆಯಲ್ಲಿ ತಂದರೂ ಒಂದು ಕೆರೆಯಿಂದ ಇನ್ನೊಂದಕ್ಕೆ ಹಂಚಲು ಹಳೆಯ ಕೋಡಿಯೂ ಹಳೆಯ ಕಾಲುವೆಯೂ ಬೇಕು. ಕಾಲುವೆ ತೆರೆದಿರುವಲ್ಲಿ ನೀರು ತಾನಾಗಿ ಇಳಿಯುತ್ತದೆ. ಮುಚ್ಚಿರುವಲ್ಲಿ ಮೊದಲ ಕೆರೆಯಲ್ಲಿಯೇ ನಿಲ್ಲುತ್ತದೆ.

ಆದುದರಿಂದ ತಮ್ಮ ಊರಿನ ಕೆರೆಯ ಹೂಳೆತ್ತಲು ಹಣ ಬಂದಿದೆ ಎಂದು ಕೇಳಿದ ದಿನ, ಸಂತೋಷಪಡುವುದಕ್ಕೆ ಮೊದಲು ಮೂರು ಸಂಗತಿಗಳನ್ನು ಹೋಗಿ ನೋಡಿ ಎಂದು ಬೇಡುತ್ತೇನೆ. ಮೊದಲು ಕೆರೆಯ ಬಾಯಿಂದ ರಾಜಕಾಲುವೆಯನ್ನು ಹಿಡಿದು ಮೇಲಕ್ಕೆ, ಮುಂದಿನ ಕೆರೆಯ ಕೋಡಿಯವರೆಗೆ ನಡೆಯಿರಿ. ನಡುವೆ ಗೋಡೆ, ರಸ್ತೆ, ತೋಟಗಳು ಅಡ್ಡ ಬಂದು ಕಾಲುವೆ ಕಾಣದಾದರೆ, ಕೆರೆಯನ್ನು ಎಷ್ಟು ಆಳ ತೋಡಿದರೂ ಅದು ಒಣಗಿದ ಗುಂಡಿಯೇ ಸರಿ. ಎರಡನೆಯದಾಗಿ, ತೂಬಿನ ಬಾಯಿ ಎಲ್ಲಿದೆ, ಹೂಳು ಎಲ್ಲಿಯವರೆಗೆ ಬಂದಿದೆ ಎಂದು ಒಂದು ಗಳುವಿನಿಂದ ಅಳೆಯಿರಿ. ತೂಬಿಗಿಂತ ಮೇಲಿನ ಹೂಳನ್ನು ತೆಗೆದರೆ ಅಚ್ಚುಕಟ್ಟಿಗೂ ಊರಿಗೂ ಪ್ರಯೋಜನವುಂಟು, ಅದರ ಕೆಳಗೆ ತೋಡಿದ ಗುಂಡಿಯ ನೀರು ತೂಬಿನಲ್ಲಿ ಹೊರಬಾರದು. ಮೂರನೆಯದಾಗಿ, ಕೋಡಿಯ ಮಟ್ಟ ಹಳೆಯದೇ, ಯಾರಾದರೂ ಏರಿಸಿದ್ದಾರೆಯೇ ಅಥವಾ ಒಡೆದು ತಗ್ಗಿಸಿದ್ದಾರೆಯೇ ಎಂದು ವಿಚಾರಿಸಿ. ಊರಿನ ಮುದುಕರಿಗೆ ಇದು ಗೊತ್ತಿರುತ್ತದೆ. ಗ್ರಾಮದ ಹಳೆಯ ನಕಾಶೆಯಲ್ಲಿ ಕಾಲುವೆಯ ಗೆರೆ ಇರುತ್ತದೆ. ಆ ಗೆರೆಯೇ ನ್ಯಾಯಾಲಯದಲ್ಲಿ ನಿಲ್ಲುವ ಸಾಕ್ಷಿ.

ಅಖಂಡ ಕರ್ನಾಟಕದ ಮಾತನ್ನು ನಾವು ಸಭೆಗಳಲ್ಲಿ ಆಡುತ್ತ ಬಂದಿದ್ದೇವೆ. ೧೯೫೬ರಲ್ಲಿ ಕನ್ನಡ ಸೀಮೆಗಳು ಒಂದಾದುವು. ನಕಾಶೆಯ ಮೇಲಣ ಎಲ್ಲೆಗಳು ಅಳಿದರೂ ಕೆರೆಯ ಸಾಲಿನ ಮೇಲಣ ಎಲ್ಲೆಗಳು ಅಳಿದಿಲ್ಲ. ಮೇಲಿನ ಕೆರೆ ಒಂದು ಇಲಾಖೆಗೆ, ಕಾಲುವೆ ಇನ್ನೊಂದಕ್ಕೆ, ಕೆಳಗಿನ ಕೆರೆ ಮತ್ತೊಂದು ಪಂಚಾಯಿತಿಗೆ ಸೇರಿರುವವರೆಗೂ, ಪೋರುಮಾಮಿಳ್ಳದ ಶಾಸನ ಹೇಳಿದ ಆ ದೋಷ ನಮ್ಮ ಪ್ರತಿಯೊಂದು ಕಣಿವೆಯಲ್ಲಿಯೂ ಇದೆ. ನೀರಿಗೆ ಗೊತ್ತಿರುವುದು ಇಳುಕಲು ಒಂದೇ. ಹೊಣೆಯನ್ನೂ ಆ ಇಳುಕಲಿನಂತೆಯೇ, ಕಣಿವೆಯ ತಲೆಯಿಂದ ಬುಡದವರೆಗೆ ಒಂದೇ ಕೈಗೆ ಒಪ್ಪಿಸಿದರೆ ಉಳಿದಿರುವ ಕೆರೆಗಳು ಉಳಿದಾವು. ಹೋದ ಧರ್ಮಾಂಬುಧಿ ಮರಳಿ ಬಾರದು. ಆದರೆ ತಮ್ಮ ತಮ್ಮ ಊರಿನಲ್ಲಿ ಇನ್ನೂ ಏರಿ ನಿಂತಿರುವ ಕೆರೆಗೆ ನೀರು ಎಲ್ಲಿಂದ ಬರಬೇಕು, ಎಲ್ಲಿ ತಡೆದಿದೆ ಎಂಬುದನ್ನು ಈ ಭಾನುವಾರವೇ ಹುಡುಗರೊಡನೆ ನಡೆದು ನೋಡಬಹುದು.